'ಜೈ ಭೀಮ್' ಅಂದರೆ ತಿರುಗಿ ಏನನ್ನಬೇಕು? ಒಂದು ಫೀಲ್ಡ್‌ವರ್ಕ್ ಟಿಪ್ಪಣಿ

ನಾನು ಸಾಗರದ ಕಡೆಯವನು. ಸಮಾಜಕಾರ್ಯ ಎಂ.ಎ. ಓದೋಕೆ ಮೈಸೂರಿಗೆ ಬಂದೆ. ಸಮುದಾಯದ ಸಭೆಗಳಿಗೆ ಹೋಗಿ ಕೂರುವುದು ನಮ್ಮ ಫೀಲ್ಡ್‌ವರ್ಕ್‌ನಲ್ಲಿ ಸೇರಿದೆ. ಹೋದ ತಿಂಗಳು ನಾನು ಎರಡು ತಪ್ಪು ಮಾಡಿದೆ, ಎರಡೂ 'ಜೈ' ಅನ್ನುವ ಒಂದೇ ಪದದಿಂದ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಮುಂದಿನ ವರ್ಷ ಹೋಗುವವರಿಗೂ ಆಯ್ತು.

ಘೋಷಣೆ ಬೇರೆ, ವಂದನೆ ಬೇರೆ

ಇದು ಸುಲಭ. ಒಬ್ಬರು ಮೈಕಿನಲ್ಲಿ "ಬಾಬಾಸಾಹೇಬ್ ಅಂಬೇಡ್ಕರ್ ಅವರಿಗೆ" ಅಂತಾರೆ, ಇಡೀ ಸಭೆ "ಜೈ" ಅನ್ನುತ್ತದೆ. ಇದು ಘೋಷಣೆ. ಗುಂಪಿನ ಮಾತು, ನೀವು ಸುಮ್ನೆ ಕೂತರೂ ಯಾರೂ ಗಮನಿಸಲ್ಲ. ಮಂಡ್ಯದಲ್ಲಿ ಹಸಿರು ಶಾಲಿನವರು "ರೈತ ಸಂಘಕ್ಕೆ" ಅಂದಾಗ "ಜಯವಾಗಲಿ" ಅಂತ ಕೂಗುವುದೂ ಇದೇ ಜಾತಿಯದು. ಭಾಷಣದ ಕೊನೆಗೆ "ಜೈ ಹಿಂದ್, ಜೈ ಕರ್ನಾಟಕ" ಅಂದರೆ ಮಾತು ಮುಗೀತು ಅಂತ ಅರ್ಥ, ಚಪ್ಪಾಳೆ ಸಾಕು.

ವಂದನೆ ಅಂದರೆ ಒಬ್ಬರು ಇನ್ನೊಬ್ಬರ ಮುಖ ನೋಡಿ ಹೇಳುವುದು. ಇಲ್ಲಿ ಸುಮ್ನಿರೋಕೆ ಆಗಲ್ಲ. ನಾನು ಎಡವಿದ್ದು ಇಲ್ಲೇ.

ಮೊದಲ ತಪ್ಪು: "ನಮಸ್ಕಾರ"

ಏಪ್ರಿಲ್ 14ಕ್ಕೆ ಮೊದಲು ಅಶೋಕಪುರಂ ಕಡೆ ಒಂದು ಪೂರ್ವಭಾವಿ ಸಭೆಯಿತ್ತು. ಬಾಗಿಲಲ್ಲಿ ನೀಲಿ ಶಾಲು ಹಾಕಿಕೊಂಡಿದ್ದ ಹಿರಿಯರೊಬ್ಬರು ಕೈ ಮುಗಿದು "ಜೈ ಭೀಮ್ ಸಾರ್" ಅಂದರು. ನಾನು ಅಷ್ಟೇ ವಿನಯದಿಂದ "ನಮಸ್ಕಾರ ಸಾರ್" ಅಂದೆ. ಅವರು ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ, ಕುರ್ಚಿ ಕೊಟ್ಟರು, ಮಜ್ಜಿಗೆಯೂ ಬಂತು. ಆದರೆ ಆಮೇಲೆ ಅಷ್ಟು ಹೊತ್ತೂ ನನ್ನನ್ನು 'ಆಫೀಸಿನವರು' ಅನ್ನುವ ಹಾಗೆ ಮಾತಾಡಿಸಿದರು. ಹೊರಗೆ ಬಂದ ಮೇಲೆ ನಮ್ಮ ಸೀನಿಯರ್ ಅಕ್ಕ ಬೈದರು. "ಅವರು ಕೊಟ್ಟಿದ್ದನ್ನ ನೀನು ಇಸ್ಕೊಳ್ಳಲಿಲ್ಲ ಕಣೋ" ಅಂದರು.

ಇದು ಯಾಕೆ ಅಷ್ಟು ಮುಖ್ಯ ಅಂತ ನನಗೆ ಹೊಳೆಯೋಕೆ ಒಂದು ವಾರ ಬೇಕಾಯ್ತು. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಹಳೇ ಮೈಸೂರಿನ ಹಳ್ಳಿಗಳಲ್ಲಿ ದಲಿತರು ಗೌಡರ ಎದುರು "ಅಡ್ಡಬಿದ್ದೆ ಬುದ್ಧಿ" ಅನ್ನಬೇಕಿತ್ತು. ಗೌಡರು ತಿರುಗಿ "ಅಡ್ಡಬಿದ್ದೆ" ಅನ್ನುತ್ತಿರಲಿಲ್ಲ, ಅಲ್ವಾ? ತಲೆ ಆಡಿಸಿದರೆ ಅದೇ ದೊಡ್ಡದು. ಆ ವಂದನೆ ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುವಂಥದ್ದು. ಮಹಾರಾಷ್ಟ್ರದ ಮಹಾರರಿಗೂ ಹೀಗೇ "ಜೋಹಾರ್ ಮಾಯ್‌ಬಾಪ್" ಅನ್ನುವುದಿತ್ತು. 'ಜೈ ಭೀಮ್' ಅನ್ನು ವಂದನೆಯಾಗಿ ಚಾಲ್ತಿಗೆ ತಂದವರು ನಾಗಪುರದ ಪಕ್ಕದ ಕಾಮಠಿಯ ಬಾಬು ಹರದಾಸ್ ಅಂತ ಹೇಳುತ್ತಾರೆ. ಅವರು ಅಂಬೇಡ್ಕರ್ ಅವರ ಸ್ವತಂತ್ರ ಕಾರ್ಮಿಕ ಪಕ್ಷದವರು, 1937ರಲ್ಲಿ ಶಾಸಕರಾಗಿ ಗೆದ್ದವರು. ಮುಸ್ಲಿಮರ ಸಲಾಮಿನಲ್ಲಿ ಹೇಳುವವರಿಗೊಂದು ಮಾತು, ತಿರುಗಿ ಹೇಳುವವರಿಗೊಂದು ಮಾತು ಇರುವುದು ಅವರಿಗೆ ಹಿಡಿಸಿತ್ತಂತೆ. ಮೊದಲು "ಜೈ ಭೀಮ್" ಅಂದರೆ "ಬಲ್ ಭೀಮ್" ಅನ್ನುವ ರೂಢಿ ಮಾಡಿದರು. ನಿಂತಿದ್ದು ಮಾತ್ರ "ಜೈ ಭೀಮ್"ಗೆ "ಜೈ ಭೀಮ್".

ಅಂದರೆ ಅದೇ ಮಾತು ಅದೇ ಎತ್ತರದಲ್ಲಿ ವಾಪಸ್ ಬರುವುದೇ ಇದರ ಜೀವ. ನಾನು "ನಮಸ್ಕಾರ" ಅಂದಾಗ ಆ ಹಿರಿಯರ ಮಾತು ವಾಪಸ್ ಬರಲೇ ಇಲ್ಲ. ನನ್ನ ಮನಸ್ಸಲ್ಲಿ ವಿನಯ ಇತ್ತು ನಿಜ, ಆದರೆ ಅವರಿಗೆ ಕೇಳಿಸಿದ್ದು ಬೇರೆ.

ಈಗ ನನ್ನ ಲೆಕ್ಕ ಹೀಗಿದೆ: ಅವರು ಮೊದಲು ಹೇಳಿದರೆ ಅದನ್ನೇ ತಿರುಗಿಸಿ ಹೇಳು. ಅವರಷ್ಟೇ ದನಿಯಲ್ಲಿ ಹೇಳು, ಅವರಿಗಿಂತ ಜೋರಾಗಿ ಬೇಡ. ಹಾಗಂದ ಮಾತ್ರಕ್ಕೆ ನೀನು ಯಾವುದೋ ಪಕ್ಷ ಸೇರಿದ ಹಾಗಾಗಲ್ಲ.

ಎರಡನೇ ತಪ್ಪು: ನಾನೇ ಮೊದಲು ಅಂದಿದ್ದು

ಪಾಠ ಕಲಿತೆ ಅಂತ ಜೋಶ್ ಬಂತು. ಅದೇ ಸಭೆಯಲ್ಲಿ ಪರಿಚಯವಾಗಿದ್ದ ಹುಡುಗನೊಬ್ಬ ಬೇರೆ ಬಡಾವಣೆಯಲ್ಲಿ ಬಾಡಿಗೆಗಿದ್ದ. ಒಂದು ಸಂಜೆ ಅವನು ಬೈಕ್ ನಿಲ್ಲಿಸುತ್ತಿದ್ದ, ನಾನು ರಸ್ತೆಯ ಆಚೆಯಿಂದ ಕೈ ಎತ್ತಿ "ಜೈ ಭೀಮ್ ಗುರೂ!" ಅಂತ ಕೂಗಿದೆ. ಗೇಟಿನ ಹತ್ತಿರ ಓನರಮ್ಮ ಪೈಪ್ ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದರು. ತಿರುಗಿ ಮೊದಲು ನನ್ನನ್ನು ನೋಡಿದರು, ಆಮೇಲೆ ಅವನನ್ನು. ಪೈಪಿನ ನೀರು ಗಿಡ ಬಿಟ್ಟು ಮೆಟ್ಟಿಲ ಮೇಲೆ ಹೋಗುತ್ತಿತ್ತು. ಅವನು ನನಗೆ ಏನೂ ಹೇಳದೆ ಹೆಲ್ಮೆಟ್ ಕೂಡ ತೆಗೆಯದೆ ಮೇಲೆ ಹೋದ.

ಮನೆ ಬಾಡಿಗೆಗೆ ಹುಡುಕಿದವರಿಗೆ ಗೊತ್ತು, "ನಿಮ್ಮ ಕಡೆ ಏನು ದೇವ್ರು?", "ನಾನ್‌ವೆಜ್ ಮಾಡ್ತೀರಾ?" ಅನ್ನುವ ಪ್ರಶ್ನೆಗಳು ನಿಜವಾಗಿ ಏನನ್ನು ಕೇಳುತ್ತಿವೆ ಅಂತ. ಅವನು ಆ ಪ್ರಶ್ನೆ ಹೇಗೋ ದಾಟಿ ಬಂದಿದ್ದ. ನಾನು ಉತ್ತರವನ್ನು ಬೀದಿಯಲ್ಲಿ ಕೂಗಿ ಹೇಳಿದೆ. ಅಂಬೇಡ್ಕರ್ ಮೇಲೆ ಗೌರವ ಇರುವ ಯಾರು ಬೇಕಾದರೂ ಜೈ ಭೀಮ್ ಅನ್ನಬಹುದು, ಅದು ಜಾತಿಯ ಹೆಸರಲ್ಲ. ಆದರೆ ಓನರಮ್ಮನಂಥವರು ಅದನ್ನು ಜಾತಿ ಅಂತಲೇ ಕೇಳಿಸಿಕೊಳ್ಳುತ್ತಾರೆ. ಹೇಳಬೇಕಾ, ಎಲ್ಲಿ ಹೇಳಬೇಕು ಅನ್ನುವ ತೀರ್ಮಾನ ಅವನದು.

ಇದಕ್ಕಿಂತ ಸಣ್ಣ ರೂಪವೂ ಒಂದಿದೆ. ಆಫೀಸಿನಲ್ಲೋ ಕ್ಲಾಸಿನಲ್ಲೋ ಯಾರದ್ದೋ ಜಾತಿಯನ್ನು ಊಹಿಸಿಕೊಂಡು, ಅವರೊಬ್ಬರಿಗೆ ಮಾತ್ರ "ಜೈ ಭೀಮ್", ಉಳಿದವರಿಗೆಲ್ಲ "ಗುಡ್ ಮಾರ್ನಿಂಗ್". ಹೇಳುವವರಿಗೆ ಅದು ಸ್ನೇಹ ಅನ್ನಿಸುತ್ತದೆ, ಕೇಳುವವರಿಗೆ ತನ್ನೊಬ್ಬನನ್ನೇ ಬೇರೆ ಸಾಲಿನಲ್ಲಿ ನಿಲ್ಲಿಸಿದ ಹಾಗೆ. ನನ್ನ ಪರೀಕ್ಷೆ ಇಷ್ಟೇ: ಈ ಮಾತನ್ನು ಇಲ್ಲಿರುವ ಎಲ್ಲರಿಗೂ ಹೇಳುತ್ತೇನಾ? ಇಲ್ಲ ಅಂದರೆ ಒಬ್ಬರಿಗೂ ಬೇಡ.

ಉಳಿದ ಜೈಗಳು, ಬೇಗ ಬೇಗ

ಜೈ ಹಿಂದ್ ಅನ್ನು ಸುಭಾಷರ ಸೇನೆಯಲ್ಲಿ ವಂದನೆಯಾಗಿ ಮಾಡಿಕೊಂಡಿದ್ದೇ ಬೇರೆ ಬೇರೆ ಧರ್ಮದ ಸೈನಿಕರಿಗೆ ಒಂದೇ ಮಾತು ಇರಲಿ ಅಂತ. ಹಾಗಾಗಿ ತಿರುಗಿಸಿ ಹೇಳೋಕೆ ಯೋಚನೆ ಬೇಡ. ಜೈನರ "ಜೈ ಜಿನೇಂದ್ರ"ಕ್ಕೂ ಅದನ್ನೇ ತಿರುಗಿ ಅನ್ನಬಹುದು, ಖುಷಿಪಡುತ್ತಾರೆ.

ಜೈ ಶ್ರೀರಾಮ್ ವಿಷಯದಲ್ಲಿ ಪದಕ್ಕಿಂತ ದಿಕ್ಕು ನೋಡಬೇಕು. ರಾಮನವಮಿಯ ಪೆಂಡಾಲಿನಲ್ಲಿ ಪಾನಕ, ಕೋಸಂಬರಿ ಕೊಡುತ್ತಾ ಅಂದರೆ ಅದು ದೇವರ ಕಡೆ ಹೋಗುತ್ತದೆ. 2022ರ ಫೆಬ್ರುವರಿಯಲ್ಲಿ, ಹಿಜಾಬ್ ವಿವಾದದ ಹೊತ್ತಿನಲ್ಲಿ, ಮಂಡ್ಯದ ಕಾಲೇಜೊಂದರ ಆವರಣದಲ್ಲಿ ಒಬ್ಬ ವಿದ್ಯಾರ್ಥಿನಿಯ ಹಿಂದೆ ಗುಂಪು ಅದನ್ನೇ ಕೂಗಿಕೊಂಡು ಹೋಯಿತು. ಅಲ್ಲಿ ಅದು ಒಬ್ಬ ವ್ಯಕ್ತಿಯ ಕಡೆ ಗುರಿ ಇಟ್ಟದ್ದು. ದನಿ ಯಾರದ್ದಾದರೂ ಮುಖದ ಕಡೆ ತಿರುಗಿದೆ ಅನ್ನಿಸಿದರೆ ಹೊರಗಿನವರು ಬಾಯಿ ಸೇರಿಸಬಾರದು, ಯಾವ ಜೈ ಆದರೂ ಸರಿ.

ಪಕ್ಷದ ಸಭೆಗಳಲ್ಲಿ ನಾನು ನೋಟ್‌ಬುಕ್ ಹಿಡಿದು ನಿಲ್ಲುತ್ತೇನೆ, ಅಷ್ಟೇ. ಅಲ್ಲಿ ಜೈಗಳು ಜೋಡಿಜೋಡಿಯಾಗಿ ಬರುತ್ತವೆ. 2025ರ ಜನವರಿಯಲ್ಲಿ ಬೆಳಗಾವಿಯ ಕಾಂಗ್ರೆಸ್ ಸಮಾವೇಶದ ಹೆಸರೇ 'ಜೈ ಬಾಪು, ಜೈ ಭೀಮ್, ಜೈ ಸಂವಿಧಾನ್'. ಅದೇ ಜೈ ಭೀಮ್ ಅಲ್ಲಿ ಪಕ್ಷದ ಮಾತೂ ಹೌದು. ಬಾಗಿಲಲ್ಲಿ ಕೈ ಮುಗಿದ ಹಿರಿಯರಿಗೆ ತಿರುಗಿ ಹೇಳುವುದೂ, ವೇದಿಕೆಯ ಕೂಗಿಗೆ ಕೈ ಎತ್ತುವುದೂ ಒಂದೇ ಅಲ್ಲ. ಮಾರನೇ ದಿನ ಇನ್ನೊಂದು ಪಕ್ಷದವರ ಮನೆಗೆ ಸರ್ವೆಗೆ ಹೋಗಬೇಕಿರುತ್ತದೆ, ನೆನಪಿರಲಿ.

ಆ ಹುಡುಗನಿಗೆ ಮರುದಿನವೇ ಫೋನ್ ಮಾಡಿ ತಪ್ಪಾಯ್ತು ಅಂದೆ. "ಬುಡು ಗುರು, ಇನ್ನೂ ಏನೂ ಕೇಳಿಲ್ಲ ಅವರು" ಅಂದ. ಆ "ಇನ್ನೂ" ನನಗೆ ಚುಚ್ಚಿತು. ಈಗ ಆ ರಸ್ತೆಯಲ್ಲಿ ಸಿಕ್ಕರೆ ಅವನೇ ಮೊದಲು "ಊಟ ಆಯ್ತಾ?" ಅಂತಾನೆ, ನಾನು "ಆಯ್ತು, ನಿಮ್ದು?" ಅಂತೀನಿ. ಭಾನುವಾರ ಸಭೆಯ ಬಾಗಿಲಲ್ಲಿ ಸಿಕ್ಕಾಗ ಮಾತ್ರ ಜೈ ಭೀಮ್ ಅಂತಾನೆ. ಅವನು ಅಂದ ಮೇಲೆ ನಾನೂ.