ಹೊಲ ಸೇರಿಸಿ ಅಳೆದರೆ ಹಳ್ಳಿ, ಕೆಲಸ ನೋಡಿದರೆ ಪಟ್ಟಣ

ಬಳ್ಳಾರಿಯಿಂದ ಹೊಸಪೇಟೆ ಕಡೆ ಹೊರಟರೆ ತೋರಣಗಲ್ಲು ಸುತ್ತಮುತ್ತ ಎಲ್ಲಿ ಹಳ್ಳಿ ಮುಗಿಯಿತು, ಎಲ್ಲಿ ಪಟ್ಟಣ ಶುರುವಾಯಿತು ಎಂದು ಹೇಳುವುದು ಕಷ್ಟ. ಲಾಡ್ಜು, ಗ್ಯಾರೇಜು, ಬಾಡಿಗೆ ರೂಮು, ಸಾಲುಗಟ್ಟಿದ ಲಾರಿ. 1990ರ ದಶಕದಲ್ಲಿ ಉಕ್ಕಿನ ಕಾರ್ಖಾನೆ ಬಂದ ಮೇಲೆ ಆದ ಬದಲಾವಣೆ ಇದು. ಪಕ್ಕದ ಕುರೆಕುಪ್ಪ ಈಗ ಪುರಸಭೆ. ಆದರೆ ಊರು ಪಟ್ಟಣದಂತೆ ಕಂಡ ಮಾತ್ರಕ್ಕೆ ಸರ್ಕಾರದ ಲೆಕ್ಕದಲ್ಲಿ ಪಟ್ಟಣ ಆಗುವುದಿಲ್ಲ. ಅದಕ್ಕೆ ಅಳತೆಗೋಲು ಬೇರೆ ಇದೆ, ಅದೂ ಎರಡು.

ಮೊದಲನೆಯದು ಜನಗಣತಿಯದು. ಬ್ರಿಟಿಷರ ಕಾಲದಲ್ಲೇ 5,000 ಜನ ಎಂಬ ಗೆರೆ ಇತ್ತು. ಆದರೆ ಅಷ್ಟು ಜನ ಒತ್ತಾಗಿ ವಾಸಿಸುವ ಊರನ್ನು ಪಟ್ಟಣ ಎನ್ನಬೇಕೋ ಬೇಡವೋ ಎಂಬುದು ಆಯಾ ಪ್ರಾಂತ್ಯದ ಗಣತಿ ಅಧಿಕಾರಿಗೆ ಬಿಟ್ಟ ವಿಷಯ. ನಮ್ಮ ಕಡೆ ಇದು ಇನ್ನೂ ಗೋಜಲು. 1951ರ ಗಣತಿ ಹೊತ್ತಿಗೆ ಬಳ್ಳಾರಿ ಮದ್ರಾಸಿನಲ್ಲಿತ್ತು, ರಾಯಚೂರು, ಕೊಪ್ಪಳ ಹೈದರಾಬಾದಿನಲ್ಲಿದ್ದವು. ತುಂಗಭದ್ರೆಯ ಎರಡು ದಂಡೆಯ ಊರುಗಳನ್ನು ಇಬ್ಬರು ಬೇರೆ ಬೇರೆ ಅಧಿಕಾರಿಗಳು ತೂಗುತ್ತಿದ್ದರು.

ದೇಶಕ್ಕೆಲ್ಲ ಒಂದೇ ಪರೀಕ್ಷೆ ಬಂದದ್ದು 1961ರಲ್ಲಿ. ಸಣ್ಣಪುಟ್ಟ ತಿದ್ದುಪಡಿಗಳ ಜೊತೆ ಅದೇ ಇಂದಿಗೂ ನಡೆದಿದೆ. ಜನ ಕನಿಷ್ಠ 5,000 ಇರಬೇಕು. ಚದರ ಕಿಲೋಮೀಟರಿಗೆ ಕನಿಷ್ಠ 400 ಜನ ಇರಬೇಕು. ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು. ಮೂರೂ ದಾಟಿದರೆ ಅದು ‘ಜನಗಣತಿ ಪಟ್ಟಣ’. ಪುರಸಭೆ, ಪಟ್ಟಣ ಪಂಚಾಯಿತಿ ಇರುವ ಊರಿಗೆ ಈ ಪರೀಕ್ಷೆಯೇ ಇಲ್ಲ, ಅದು ನೇರವಾಗಿ ಪಟ್ಟಣ.

ಒಂದು ಊರನ್ನು ಊಹಿಸಿಕೊಳ್ಳಿ. ಜನ 6,000. ಮೊದಲ ಪರೀಕ್ಷೆ ಪಾಸು. ಊರೊಳಗೆ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಎತ್ತಿನಗಾಡಿ ಹೋಗಲೂ ಜಾಗವಿಲ್ಲ. ಆದರೆ ಗಣತಿಯವರು ಅಳೆಯುವುದು ಮನೆಗಳಿರುವ ಜಾಗವನ್ನಲ್ಲ, ಇಡೀ ಕಂದಾಯ ಗ್ರಾಮವನ್ನು. ಎರೆಹೊಲ, ಗೋಮಾಳ, ಕೆರೆ ಎಲ್ಲ ಸೇರಿ 5,000 ಎಕರೆ ಇದ್ದರೆ ಅದು ಸುಮಾರು 20 ಚದರ ಕಿಲೋಮೀಟರ್. ಭಾಗಿಸಿದರೆ 300 ಜನ. ಅಲ್ಲಿಗೆ ಫೇಲು! ಬಯಲುಸೀಮೆಯಲ್ಲಿ ಗ್ರಾಮದ ಎಲ್ಲೆ ದೊಡ್ಡದಾದಷ್ಟೂ ಈ ತೊಡಕು ಜಾಸ್ತಿ.

ಇನ್ನು ಮೂರನೆಯದು. ಆ ಊರಲ್ಲಿ ವರ್ಷಕ್ಕೆ ಆರು ತಿಂಗಳಿಗೂ ಹೆಚ್ಚು ದುಡಿಯುವ ಗಂಡಸರು 1,600 ಇದ್ದಾರೆ ಎನ್ನೋಣ. ಅವರಲ್ಲಿ 1,200 ಮಂದಿ ಹೊಲದಾಚೆ ದುಡಿಯಬೇಕು. ಗಂಗಾವತಿ, ಸಿಂಧನೂರು ಕಡೆಯ ಭತ್ತದ ಊರುಗಳಲ್ಲಿ ಇದು ಸುಲಭವಲ್ಲ. ರೈಸ್ ಮಿಲ್ಲು, ಗೊಬ್ಬರದ ಅಂಗಡಿ, ಬ್ಯಾಂಕು ಎಲ್ಲ ಇದ್ದರೂ ಜಾಸ್ತಿ ಜನರ ಕೂಲಿ ಗದ್ದೆಯಲ್ಲೇ. ಕಾರ್ಖಾನೆ ಪಕ್ಕದ ಊರಲ್ಲಿ ಕಥೆ ಉಲ್ಟಾ. ಜಮೀನು ಹೋಗುತ್ತದೆ, ಹುಡುಗರು ಗುತ್ತಿಗೆ ಕೆಲಸ, ಡ್ರೈವರ್ ಕೆಲಸ ಹಿಡಿಯುತ್ತಾರೆ, ಹೊರಗಿನಿಂದ ಬಂದವರು ಬಾಡಿಗೆಗೆ ಸೇರುತ್ತಾರೆ. ಕೆಲವೇ ವರ್ಷದಲ್ಲಿ ಮೂರೂ ಅಂಕಿ ಒಟ್ಟಿಗೆ ಏರುತ್ತವೆ. ಹೆಂಗಸರ ದುಡಿಮೆ ಮಾತ್ರ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅವರೆಲ್ಲ ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದರೂ ಊರು ಪಟ್ಟಣವಾಗಬಹುದು. ಇದು ನನಗೆ ಸರಿ ಕಾಣುವುದಿಲ್ಲ.

2001ರಲ್ಲಿ ದೇಶದಲ್ಲಿ 1,362 ಜನಗಣತಿ ಪಟ್ಟಣಗಳಿದ್ದವು. 2011ರಲ್ಲಿ 3,894 ಆದವು. ಅಷ್ಟೊಂದು ಹೊಸ ಊರು ಹುಟ್ಟಲಿಲ್ಲ, ಇದ್ದ ಹಳ್ಳಿಗಳೇ ಗೆರೆ ದಾಟಿದವು. ಆದರೂ ಅಲ್ಲಿ ಆಡಳಿತ ಗ್ರಾಮ ಪಂಚಾಯಿತಿಯದೇ. ಚರಂಡಿ, ಕಸಕ್ಕೆ ಹಳ್ಳಿಯ ದುಡ್ಡು, ಹಳ್ಳಿಯ ಸಿಬ್ಬಂದಿ.

ಅದು ಬದಲಾಗಬೇಕಾದರೆ ಎರಡನೇ ಅಳತೆಗೋಲು ಬೇಕು. ಅದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಪಟ್ಟಣ ಪಂಚಾಯಿತಿಗೆ ಅದು ಇಟ್ಟ ಗೆರೆ 10,000ದಿಂದ 20,000 ಜನ, ಅದೇ 400ರ ಸಾಂದ್ರತೆ, ಆದರೆ ಬೇಸಾಯದಾಚೆಯ ಕೆಲಸ ನೂರಕ್ಕೆ 50 ಇದ್ದರೆ ಸಾಕು. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರ ಈಗ ಪಟ್ಟಣ ಪಂಚಾಯಿತಿ. ಮಗ್ಗ, ತಲೆಗೂದಲು ಸಂಸ್ಕರಣೆಯಿಂದ ಬದುಕುವ ಊರದು. ಅಂಥ ಕಡೆ ಕೆಲಸದ ಗೆರೆ ದಾಟುವುದು ಸಲೀಸು.

ಎಲ್ಲರಿಗೂ ಇದು ಬೇಕು ಅಂತೇನಿಲ್ಲ. ಪಟ್ಟಣವಾದರೆ ಗ್ರಾಮೀಣ ಉದ್ಯೋಗ ಖಾತ್ರಿ ಕೆಲಸ ನಿಲ್ಲುತ್ತದೆ, ಖಾತೆ ಇ-ಸ್ವತ್ತಿನಿಂದ ಇ-ಆಸ್ತಿಗೆ ಹೋಗುತ್ತದೆ, ತೆರಿಗೆ ಲೆಕ್ಕ ಬದಲಾಗುತ್ತದೆ. ಸೈಟು ಮಾರುವವರಿಗೆ ಖುಷಿ, ಕೂಲಿಯವರಿಗೆ ಚಿಂತೆ.

ಇನ್ನೊಂದು ತೊಡಕು ಸಮಯದ್ದು. ಯಾವ ಊರನ್ನು ಪಟ್ಟಣವೆಂದು ಎಣಿಸಬೇಕು ಎಂಬ ಪಟ್ಟಿಯನ್ನು ಗಣತಿಗೆ ಮೊದಲೇ, ಹಿಂದಿನ ಗಣತಿಯ ಅಂಕಿಗಳ ಮೇಲೆ ಮಾಡುತ್ತಾರೆ. 2011ರ ಪಟ್ಟಿ ಹುಟ್ಟಿದ್ದು 2001ರ ಅಂಕಿಗಳಿಂದ. 2021ರಲ್ಲಿ ಗಣತಿ ನಡೆಯಲಿಲ್ಲ. ಹಾಗಾಗಿ 2027ರ ಗಣತಿಗೆ ಹಿಂದಿನ ಅಂಕಿ ಎಂದರೆ 2011ರದೇ. ಆಮೇಲೆ ಗೆರೆ ದಾಟಿದ ಊರಿನ ಗಂಡಸರ ಕೆಲಸ 2027ರಲ್ಲಿ ದಾಖಲಾಗುತ್ತದೆ. ಅದನ್ನು ನೋಡಿ ಪಟ್ಟಿ ಬದಲಾಗುವುದು ಅದರ ಮುಂದಿನ ಗಣತಿಗೆ.