ತೊವ್ವೆ ಮೊದಲು, ಮಜ್ಜಿಗೆ ಕೊನೆಗೆ: ಎಲೆ ಊಟದ ಸರದಿಯ ಲೆಕ್ಕ

ಹಳೇ ಮೈಸೂರಿನ ಕಡೆ ಯುಗಾದಿಯ ದಿನ ಎಲೆಗೆ ಬೀಳುವ ಪದಾರ್ಥ ಹತ್ತು ಹದಿನೈದು ಬಗೆ. ಆದರೆ ಅವುಗಳಲ್ಲಿ ಹೊಟ್ಟೆ ತುಂಬಿಸುವುದು ಮುಖ್ಯವಾಗಿ ಒಂದೇ, ಅನ್ನ. ಅದೇ ಅನ್ನ ನಾಲ್ಕು ಸಲ ಬರುತ್ತದೆ. ಮೊದಲು ತೊವ್ವೆ, ತುಪ್ಪಕ್ಕೆ. ಆಮೇಲೆ ಸಾರಿಗೆ, ಹುಳಿಗೆ. ಕೊನೆಗೆ ಮೊಸರಿಗೋ ಮಜ್ಜಿಗೆಗೋ. ಹುಳಿಯನ್ನ ಮುಗಿಸಿ, ‘ಇನ್ನು ಒಂದು ಅಗುಳೂ ಬೇಡ’ ಎಂದು ಎಲೆಗೆ ಕೈ ಅಡ್ಡ ಹಿಡಿದವರೇ ಹತ್ತು ನಿಮಿಷ ಬಿಟ್ಟು ಮೊಸರಿಗೆ ಅನ್ನ ಹಾಕಿಸಿಕೊಳ್ಳುತ್ತಾರೆ. ನಡುವೆ ಒಂದು ಒಬ್ಬಟ್ಟೂ ಹೋಗಿರುತ್ತದೆ. ಅಷ್ಟರಲ್ಲಿ ಹೊಟ್ಟೆಯೇನೂ ಖಾಲಿಯಾಗಿರುವುದಿಲ್ಲ. ಹಾಗಾದರೆ ಬೇಡ ಎಂದದ್ದು ಯಾರು?

ಬೇಡ ಎಂದದ್ದು ಹೊಟ್ಟೆಗಿಂತ ಹೆಚ್ಚಾಗಿ ನಾಲಿಗೆ, ಮೂಗು. ಅವೂ ಅನ್ನ ಬೇಡ ಅನ್ನಲಿಲ್ಲ, ಹುಳಿ ಸಾಕು ಅಂದವು. ಆಕ್ಸ್‌ಫರ್ಡ್‌ನಲ್ಲಿ ಬಾರ್ಬರಾ ರೋಲ್ಸ್ ಮತ್ತು ಅವರ ಜೊತೆಗಾರರು 1980ರ ದಶಕದಲ್ಲಿ ಇದನ್ನು ಅಳೆದು ನೋಡಿದರು. 1981ರ ಒಂದು ಪ್ರಯೋಗದಲ್ಲಿ ಜನರಿಗೆ ಸ್ಯಾಂಡ್‌ವಿಚ್ ಕೊಟ್ಟರು. ಒಂದು ದಿನ ಒಂದೇ ಬಗೆಯ ಹೂರಣ, ಇನ್ನೊಂದು ದಿನ ನಾಲ್ಕು ಬಗೆ. ನಾಲ್ಕು ಬಗೆ ಇದ್ದಾಗ ಜನ ಸುಮಾರು ಮೂರನೇ ಒಂದು ಭಾಗದಷ್ಟು ಜಾಸ್ತಿ ತಿಂದರು. 1984ರ ಪ್ರಯೋಗ ನಮ್ಮ ಪಂಕ್ತಿಗೆ ಇನ್ನೂ ಹತ್ತಿರ. ಅದರಲ್ಲಿ ಊಟ ನಾಲ್ಕು ಸರದಿಯಲ್ಲಿ ಬಂತು. ಕೆಲವರಿಗೆ ಸಾಸೇಜ್, ಬೆಣ್ಣೆ ಹಚ್ಚಿದ ಬ್ರೆಡ್, ಚಾಕೊಲೇಟ್ ಸಿಹಿ, ಬಾಳೆಹಣ್ಣು ಒಂದಾದ ಮೇಲೊಂದು. ಉಳಿದವರಿಗೆ ಇವುಗಳಲ್ಲಿ ಒಂದನ್ನೇ ನಾಲ್ಕೂ ಸಲ. ಸರದಿ ಸರದಿಗೂ ತಿನಿಸು ಬದಲಾದವರು 60 ಶೇಕಡಾ ಹೆಚ್ಚು ತಿಂದಿದ್ದರು.

ಇದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಸೆನ್ಸರಿ ಸ್ಪೆಸಿಫಿಕ್ ಸಟಾಯಿಟಿ. ಸುಮ್ನೆ ಹೇಳುವುದಾದರೆ, ತಿಂದದ್ದು ಮಾತ್ರ ಸಾಕೆನಿಸುವುದು. ಒಂದು ತಿನಿಸು ತಿನ್ನುತ್ತಾ ಹೋದಂತೆ ಅದು ಕೊಡುವ ಖುಷಿ ಇಳಿಯುತ್ತದೆ. ಇನ್ನೂ ತಿನ್ನದ ತಿನಿಸಿನ ಮೇಲಿನ ಆಸೆ ಅಷ್ಟಾಗಿ ಇಳಿಯುವುದಿಲ್ಲ. ಈ ಇಳಿತ ಊಟ ಮುಗಿದ ಒಂದೆರಡು ನಿಮಿಷದಲ್ಲೇ ಕಾಣಿಸುತ್ತದೆ. ಅಷ್ಟು ಬೇಗ ಊಟ ಜೀರ್ಣವಾಗಿ ರಕ್ತ ಸೇರುವುದಿಲ್ಲ ಅಲ್ವಾ? ಆದ್ದರಿಂದ ಇದು ಮುಖ್ಯವಾಗಿ ರುಚಿ, ವಾಸನೆ, ಬಾಯಿಗೆ ಸಿಗುವ ಹದದಿಂದ ಆಗುವ ಕೆಲಸ. ಕೋತಿಗಳ ಮಿದುಳಿನಲ್ಲಿ, ಕಣ್ಣುಗುಳಿಗಳ ಮೇಲ್ಭಾಗದಲ್ಲಿ, ಇದಕ್ಕೆ ಸರಿಹೊಂದುವ ನರಕೋಶಗಳೂ ಸಿಕ್ಕಿವೆ. ಹೊಟ್ಟೆ ತುಂಬ ಕುಡಿಸಿದ ದ್ರವಕ್ಕೆ ಅವು ಸುಮ್ಮನಾಗುತ್ತವೆ, ಬೇರೆ ರುಚಿ ಕೊಟ್ಟರೆ ಮತ್ತೆ ಮಿಡಿಯುತ್ತವೆ.

ಈಗ ಎಲೆಗೆ ಬರೋಣ. ಅನ್ನಕ್ಕೆ ತನ್ನದೇ ಆದ ರುಚಿ ಬಹಳ ಕಡಿಮೆ. ಜೊತೆಗೆ ಕಲಸುವುದು ಬದಲಾದರೆ ಇಡೀ ತುತ್ತು ಹೊಸದಾಗುತ್ತದೆ. ನಾಲ್ಕು ಸಲ ಅನ್ನ ಹೋಗುವ ಗುಟ್ಟು ಇಷ್ಟೇ. ಆದರೆ ಇದು ವೈವಿಧ್ಯ ಯಾಕೆ ಬೇಕು ಎಂದು ಹೇಳುತ್ತದೆಯೇ ಹೊರತು ಸರದಿ ಯಾಕೆ ಹೀಗೇ ಇರಬೇಕು ಎಂದು ಹೇಳುವುದಿಲ್ಲ. ತೊವ್ವೆಯಿಂದ ಶುರುಮಾಡಿ ಮಜ್ಜಿಗೆಗೆ ಮುಗಿಸುವ ಬದಲು ಮಜ್ಜಿಗೆಯಿಂದ ಶುರುಮಾಡಿ ತೊವ್ವೆಗೆ ಮುಗಿಸಿದರೂ ವೈವಿಧ್ಯ ಅಷ್ಟೇ ಇರುತ್ತದೆ.

ಅಕ್ಕಪಕ್ಕದ ನಾಡುಗಳ ಎಲೆ ನೋಡಿದರೆ ಒಂದು ಸುಳಿವು ಸಿಗುತ್ತದೆ. ನಮ್ಮಲ್ಲಿ ಹೆಚ್ಚಿನ ಕಡೆ ಸಾರು ಮೊದಲು, ಹುಳಿ ಆಮೇಲೆ. ತಮಿಳರ ಎಲೆಯಲ್ಲಿ ಸಾಂಬಾರ್ ಮೊದಲು, ರಸಂ ಆಮೇಲೆ. ಕೇರಳದ ಓಣಂ ಹಬ್ಬದೂಟವಾದ ‘ಸದ್ಯ’ದಲ್ಲಿ ಪರಿಪ್ಪು ಎನ್ನುವ ಬೇಳೆ, ತುಪ್ಪ, ಆಮೇಲೆ ಸಾಂಬಾರ್. ಪಾಯಸ ಆದ ಮೇಲೂ ಮಜ್ಜಿಗೆಗೆ ಅನ್ನ ಉಂಟು. ಅಂದರೆ ಎರಡು ತುದಿಗಳು ಬಹುಮಟ್ಟಿಗೆ ಗಟ್ಟಿ: ಮೊದಲು ಬೇಳೆ-ತುಪ್ಪ, ಕೊನೆಗೆ ಮೊಸರು-ಮಜ್ಜಿಗೆ. ನಡುವಿನದು ಊರಿಗೊಂದು ಥರ. ನನಗೆ ಕಾಣುವಂತೆ ತುದಿಗಳಿಗೆ ದೇಹದಲ್ಲೇ ಕಾರಣಗಳಿವೆ. ನಡುವಿನ ಸುತ್ತುಗಳು ಒಂದಕ್ಕಿಂತ ಒಂದು ಬೇರೆಯಾಗಿದ್ದರೆ ಸಾಕು. ಸಾರು ಮೊದಲೋ ಹುಳಿ ಮೊದಲೋ ಎಂಬ ಜಗಳದಲ್ಲಿ ವಿಜ್ಞಾನ ಯಾರ ಪರವೂ ಸಾಕ್ಷಿ ಹೇಳುವುದಿಲ್ಲ.

ಮೊದಲ ತುದಿಯನ್ನು ನೋಡಿ. ತೊವ್ವೆಯಲ್ಲಿ ಇರುವುದು ಬೆಂದ ತೊಗರಿಬೇಳೆ, ಅರಿಸಿನ, ಉಪ್ಪು, ಚೂರು ಇಂಗು. ಹುಣಸೆ ಇಲ್ಲ, ಖಾರ ಇದ್ದರೂ ಹೆಸರಿಗೆ. ಇಡೀ ಊಟದಲ್ಲಿ ಇಷ್ಟು ಸಪ್ಪೆಯ ಸುತ್ತು ಮತ್ತೊಂದಿಲ್ಲ. ನಾಲಿಗೆ ಯಾವುದನ್ನೂ ಒಂಟಿಯಾಗಿ ಅಳೆಯುವುದಿಲ್ಲ, ಸ್ವಲ್ಪ ಮೊದಲು ಬಾಯಲ್ಲಿ ಇದ್ದದ್ದರ ಜೊತೆ ಹೋಲಿಸಿ ಅಳೆಯುತ್ತದೆ. ಜೋರಾದ ಹುಳಿ, ಉಪ್ಪು, ಖಾರ ತಿಂದ ಬಾಯಿಗೆ ಬೇಳೆಯ ಸಣ್ಣ ಸಿಹಿ ಮತ್ತು ತುಪ್ಪದ ಘಮ ತಿಳಿಯುವುದೇ ಇಲ್ಲ. ಮನೆಯಲ್ಲೇ ನೋಡಬಹುದು. ಒಂದು ಚಮಚ ತೊವ್ವೆ ತಿಂದು, ನಾಲ್ಕು ತುತ್ತು ಹುಳಿಯನ್ನ ತಿಂದು, ಮತ್ತೆ ಅದೇ ತೊವ್ವೆ ಬಾಯಿಗೆ ಹಾಕಿ. ಉಪ್ಪು ಮರೆತಿದ್ದಾರೆ ಅನ್ನಿಸುತ್ತದೆ. ತುಪ್ಪದ ವಾಸನೆ ಏಳುವುದಕ್ಕೆ ಬಿಸಿಯೂ ಬೇಕು. ಹಬೆಯಾಡುವ ಮೊದಲ ಅನ್ನಕ್ಕೇ ತುಪ್ಪ ಬೀಳುವುದಕ್ಕೆ ಇದೂ ಹೊಂದುತ್ತದೆ.

ನಡುವಿನ ಸುತ್ತುಗಳಲ್ಲಿ ಯುಗಾದಿಯ ವಿಶೇಷ ಒಬ್ಬಟ್ಟಿನ ಸಾರು. ಹೂರಣಕ್ಕೆ ಬೇಯಿಸಿದ ಬೇಳೆಯ ಕಟ್ಟು ಸೋಸಿ, ಅದಕ್ಕೆ ಹುಣಸೆ, ಸಾರಿನ ಪುಡಿ, ಒಂದು ಮುದ್ದೆ ಹೂರಣ ಹಾಕಿ ಕುದಿಸಿದ್ದು. ತೆಳ್ಳಗೆ, ಹುಳಿ-ಸಿಹಿ-ಖಾರ ಒಟ್ಟಿಗೆ. ಅದರ ಹಿಂದೆ ಬರುವ ಹುಳಿ ಗಟ್ಟಿ, ಕಾಯಿ ರುಬ್ಬಿದ್ದು, ತರಕಾರಿ ಹೋಳು ಇರುವಂಥದ್ದು. ರುಚಿಯ ಜೊತೆ ಹದವೂ ಬದಲಾಯಿತು. ಮೆತ್ತಗಿನ ತುತ್ತಿನ ನಡುವೆ ಗರಿಗರಿ ಆಂಬೊಡೆ, ಹಪ್ಪಳ. ಹಪ್ಪಳದ ಗರಿ ಉಳಿಯಬೇಕಾದರೆ ಅದರಲ್ಲಿ ನೀರಿನ ಅಂಶ ತೀರಾ ಕಡಿಮೆ ಇರಬೇಕು. ಬಿಸಿ ಅನ್ನದ ಹಬೆ ತಗುಲಿದರೆ ನಿಮಿಷಗಳಲ್ಲಿ ಮೆತ್ತಗಾಗುತ್ತದೆ. ಆದ್ದರಿಂದ ಅದನ್ನು ಮೊದಲೇ ಬಡಿಸಿಡುವುದು ದಂಡ.

ಇಲ್ಲಿ ಎಲೆಯ ಆಕಾರವೂ ಸ್ವಲ್ಪ ಆಟವಾಡುತ್ತದೆ. ಎಲೆಗೆ ಅಂಚಿಲ್ಲ, ಮೇಲ್ಮೈಯಲ್ಲಿ ಮೇಣದಂಥ ಪದರವಿದೆ, ನೀರು ಅಂಟದೆ ಜಾರುತ್ತದೆ. ತುದಿ ಎಡಕ್ಕೆ ಬರುವಂತೆ ಹಾಕಿದ ಎಲೆಯಲ್ಲಿ ನಡುದಿಂಡು ಅಡ್ಡವಾಗಿ ಇರುತ್ತದೆ. ಅದರ ಮೇಲಿನ ಅರ್ಧದಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಗೊಜ್ಜು. ನಮ್ಮ ಕಡೆಯ ಅರ್ಧ ಅನ್ನಕ್ಕೆ. ದಿಂಡಿನ ದಪ್ಪ ಕೆಳಮುಖದಲ್ಲಿರುವುದರಿಂದ ಎಲೆಯ ನಡುಭಾಗ ಸ್ವಲ್ಪ ಎತ್ತರ, ನಮ್ಮ ಅರ್ಧ ನಮ್ಮ ಕಡೆಗೇ ಇಳಿಜಾರು. ಸಣ್ಣ ನರಗಳೂ ದಿಂಡಿನಿಂದ ಅಂಚಿಗೆ ಸಾಲಾಗಿ ಓಡುತ್ತವೆ, ಎಲೆ ಸೀಳುವುದು ಆ ಗೆರೆಯಲ್ಲೇ. ಸೀಳಿದರೆ ಸಾರು ನೇರ ಪಂಚೆಗೆ. ಕುಡಿ ಎಲೆಯಲ್ಲಿ ದಿಂಡು ತೆಳು, ಆದ್ದರಿಂದ ಅದು ಸಮನಾಗಿ ಕೂರುತ್ತದೆ. ಏನೇ ಆದರೂ ತೆಳ್ಳಗಿನದನ್ನು ಹಿಡಿದಿಡುವುದು ಅನ್ನದ ಗುಡ್ಡೆ ಮಾತ್ರ. ಅದಕ್ಕೇ ಪ್ರತಿ ಸುತ್ತಿಗೂ ಅನ್ನ ಮುಂದೆ, ಸಾರು ಅದರ ಬೆನ್ನಿಗೆ. ಅನ್ನದ ಬುಟ್ಟಿ ಸಾಲಿನ ಆ ತುದಿಯಲ್ಲಿದ್ದು ಸಾರಿನ ಬಕೆಟ್ ಇಲ್ಲಿ ಬಂದು ನಿಂತರೆ ಬಡಿಸುವವರಿಗೆ ಸರದಿ ತಪ್ಪಿದೆ ಎಂದೇ ಅರ್ಥ.

ಒಬ್ಬಟ್ಟು ಬರುವುದು ಹುಳಿಯಾದ ಮೇಲೆ, ಮೊಸರಿಗೆ ಮೊದಲು. ಖಾರ, ಹುಳಿ ಸಾಕಾಗಿರುವ ಹೊತ್ತಿಗೆ ಸಿಹಿ. ಸಿಹಿಯೂ ಬೇಗ ಸಾಕಾಗುತ್ತದೆ. ಆಗ ಬಾಯಿ ಕೇಳುವುದು ಉಪ್ಪು, ಹುಳಿ, ತಂಪು. ಅಲ್ಲಿಗೆ ಮೊಸರು, ಜೊತೆಗೆ ಮೊದಲಿನಿಂದಲೂ ಮೂಲೆಯಲ್ಲಿ ಕಾದಿದ್ದ ಉಪ್ಪಿನಕಾಯಿ.

ಮಜ್ಜಿಗೆ ಕೊನೆಗೇ ಇರುವುದಕ್ಕೆ ಇನ್ನೊಂದು ಕಾರಣ ಖಾರ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನೀರಿನಲ್ಲಿ ಹೆಚ್ಚು ಕರಗುವುದಿಲ್ಲ. ನೀರು ಕುಡಿದರೆ ಉರಿ ಒಂದು ಕ್ಷಣ ತಗ್ಗಿ ಮತ್ತೆ ಏಳುತ್ತದೆ. ಹಾಲಿನ ಪ್ರೋಟೀನ್ ಆದ ಕೇಸೀನ್ ಕ್ಯಾಪ್ಸೈಸಿನ್ ಅನ್ನು ಹಿಡಿದುಕೊಳ್ಳುತ್ತದೆ. ಕೊಬ್ಬೇ ಉರಿ ತೆಗೆಯುತ್ತದೆ ಎಂದು ಎಷ್ಟೋ ಜನ ಅಂದುಕೊಂಡಿದ್ದರು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು 2019ರಲ್ಲಿ ಹೋಲಿಸಿದಾಗ ಕೆನೆ ತೆಗೆದ ಹಾಲು, ಕೆನೆ ಹಾಲು ಎರಡೂ ಹೆಚ್ಚುಕಡಿಮೆ ಒಂದೇ ಥರ ಕೆಲಸ ಮಾಡಿದವು. ಅವರು ಪರೀಕ್ಷಿಸಿದ್ದು ಹಾಲನ್ನು. ಆದರೆ ಬೆಣ್ಣೆ ತೆಗೆದ ಮಜ್ಜಿಗೆಯಲ್ಲೂ ಕೇಸೀನ್ ಉಳಿದಿರುತ್ತದೆ. ಮಜ್ಜಿಗೆ ಮೊದಲೇ ಕುಡಿದರೆ ಮುಂದೆ ಬರುವ ಖಾರಕ್ಕೆ ಅದು ಬಾಯಲ್ಲಿ ಉಳಿದಿರುವುದಿಲ್ಲ.

ಇಷ್ಟು ಹೇಳಿದ ಮೇಲೆ, ‘ನಮ್ಮ ಹಿರಿಯರಿಗೆ ಸಕ್ಕರೆ ಕಾಯಿಲೆಯೂ ಗೊತ್ತಿತ್ತು, ಅದಕ್ಕೇ ಈ ಸರದಿ’ ಎನ್ನುವ ಮಾತಿಗೂ ಉತ್ತರ ಹೇಳಬೇಕು. ಆ ಮಾತು ಹುಟ್ಟುವುದು ಒಂದು ನಿಜವಾದ ಪ್ರಯೋಗದಿಂದ. 2015ರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಆಲ್ಪನಾ ಶುಕ್ಲಾ ಮತ್ತು ಜೊತೆಗಾರರು ಟೈಪ್ 2 ಡಯಾಬಿಟಿಸ್ ಇರುವ 11 ಜನರಿಗೆ ಒಂದೇ ಊಟವನ್ನು ಎರಡು ಸರದಿಯಲ್ಲಿ ಕೊಟ್ಟರು. ಒಂದು ದಿನ ಬ್ರೆಡ್ ಮತ್ತು ಕಿತ್ತಳೆ ರಸ ಮೊದಲು, ಕಾಲು ಗಂಟೆ ಬಿಟ್ಟು ಕೋಳಿ ಮತ್ತು ತರಕಾರಿ. ಇನ್ನೊಂದು ದಿನ ಅದರ ತಿರುಗುಮುರುಗು. ತರಕಾರಿ, ಪ್ರೋಟೀನ್ ಮೊದಲು ತಿಂದ ದಿನ ಒಂದು ಗಂಟೆಯ ಹೊತ್ತಿಗೆ ರಕ್ತದ ಸಕ್ಕರೆ ಸುಮಾರು 37 ಶೇಕಡಾ ಕಡಿಮೆ ಇತ್ತು.

ನಮ್ಮ ಎಲೆಯಲ್ಲಿ ಕೋಸಂಬರಿ, ಪಲ್ಯ ಮೊದಲು ಬಡಿಸುತ್ತಾರೆ, ಸರಿ. ಆದರೆ ಬಡಿಸುವ ಸರದಿ ಬೇರೆ, ತಿನ್ನುವ ಸರದಿ ಬೇರೆ. ಅನ್ನ, ತೊವ್ವೆ, ತುಪ್ಪ ಬರುವವರೆಗೆ ಎಲೆಗೆ ಕೈ ಹಾಕಬಾರದು ಎಂಬುದು ಪಂಕ್ತಿಯ ಶಿಸ್ತು. ಹಲವು ಮನೆಗಳಲ್ಲಿ ಎಲ್ಲಕ್ಕಿಂತ ಮೊದಲು ಬಾಯಿಗೆ ಹೋಗುವುದು ಬಲ ಮೂಲೆಯ ಪಾಯಸ. ಪಲ್ಯ ಸಿಗುವುದು ಅನ್ನದ ತುತ್ತಿನ ಜೊತೆ ನಂಚಿಕೊಳ್ಳಲು. ಇದಕ್ಕಿಂತ ಮುಖ್ಯ, ಈ ಸರದಿ ಹಸಿವನ್ನು ಮತ್ತೆ ಮತ್ತೆ ಎಬ್ಬಿಸಿ ಜಾಸ್ತಿ ಉಣ್ಣಿಸುವಂಥದ್ದು. ಹಬ್ಬದ ದಿನ ಬೇಕಾದದ್ದೂ ಅದೇ. ಅದನ್ನು ಪಥ್ಯದ ಊಟ ಎಂದು ಹೊಗಳುವುದರಲ್ಲಿ ಅರ್ಥವಿಲ್ಲ.

ಸಕ್ಕರೆ ಕಾಯಿಲೆ ಇರುವವರು ಅದೇ ಎಲೆಯಲ್ಲಿ ಕೂತು ಸ್ವಲ್ಪ ಲಾಭ ಮಾಡಿಕೊಳ್ಳಬಹುದು. ಮನೆಯ ಊಟವಾದರೆ ಯಜಮಾನರಿಗೆ ಮೊದಲೇ ಹೇಳಿ, ಅನ್ನ ಬರುವ ಮುಂಚೆ ಹೆಸರುಬೇಳೆ ಕೋಸಂಬರಿ ಮತ್ತು ಹುರುಳಿಕಾಯಿ ಪಲ್ಯ ಎರಡನೇ ಸಲ ಹಾಕಿಸಿಕೊಂಡು ಮುಗಿಸಬೇಕು. ಸಾರು, ಹುಳಿ ಎರಡಕ್ಕೂ ಸೇರಿ ಒಂದೇ ಸಲ ಅನ್ನ ಸಾಕು ಎನ್ನಬೇಕು. ಪಾಯಸವನ್ನು ನಾಲಿಗೆಗೆ ತಾಗಿಸಿ ಬಿಡಬಹುದು. ಮತ್ತೆ, ಪಲ್ಯದ ಪಕ್ಕದಲ್ಲಿ ಹಳದಿಯಾಗಿ ಕೂತಿರುವ ಮಾವಿನಕಾಯಿ ಚಿತ್ರಾನ್ನವೂ ಅನ್ನವೇ. ಅದನ್ನು ತರಕಾರಿಯ ಲೆಕ್ಕಕ್ಕೆ ಸೇರಿಸಬೇಡಿ.