ರಾತ್ರಿ ಎಂಟಕ್ಕೆ ತಿಂದದ್ದು, ಹನ್ನೊಂದಕ್ಕೆ ಶುರುವಾದದ್ದು

ದಾವಣಗೆರೆಯ ಹಾಸ್ಟೆಲಿನಲ್ಲಿರುವ ನನ್ನ ತಂಗಿಯ ಮಗ ಒಂದು ಶನಿವಾರ ರಾತ್ರಿ ಎಂಟಕ್ಕೆ ತಳ್ಳುಗಾಡಿಯಲ್ಲಿ ಫ್ರೈಡ್ ರೈಸ್ ತಿಂದ. ಹನ್ನೊಂದಕ್ಕೆ ವಾಂತಿ ಶುರುವಾಯಿತು. ಬೆಳಗಾಗುವುದರೊಳಗೆ ಏಳು ಬಾರಿ ವಾಂತಿ, ನಾಲ್ಕು ಬಾರಿ ಭೇದಿ. ಜೊತೆಗೆ ತಿಂದ ಗೆಳೆಯನಿಗೂ ಅದೇ ಗತಿ. ಭಾನುವಾರ ಬೆಳಿಗ್ಗೆ ಯಾರದೋ ಸಲಹೆಯಂತೆ ಹತ್ತಿರದ ಲ್ಯಾಬಿನಲ್ಲಿ ರಕ್ತ ಕೊಟ್ಟ. ಸ್ವಲ್ಪ ಹೊತ್ತಿಗೆ ತಂಗಿಯ ಫೋನು: ‘ಅಣ್ಣ, ವಿಡಾಲ್ ಪಾಸಿಟಿವ್ ಬಂದಿದೆಯಂತೆ, 1:80. ಟೈಫಾಯ್ಡೇ ಅಂತೆ. ಗ್ಲೂಕೋಸ್ ಹಾಕಿಸಲಾ?’

ನಾನು ಮೊದಲು ಕೇಳಿದ್ದು ವರದಿಯನ್ನಲ್ಲ, ಗಡಿಯಾರವನ್ನು. ಎಂಟಕ್ಕೆ ತಿಂದು ಹನ್ನೊಂದಕ್ಕೆ ವಾಂತಿ ಎಂದರೆ ಮೂರು ಗಂಟೆ. ಆ ಊಟದಿಂದ ಮೂರು ಗಂಟೆಯಲ್ಲಿ ಟೈಫಾಯ್ಡ್ ಬರುವುದು ಸಾಧ್ಯವೇ ಇಲ್ಲ.

ಇಷ್ಟು ಬೇಗ ಹೊಟ್ಟೆ ತಿರುಗಬೇಕಾದರೆ ವಿಷ ಅನ್ನದಲ್ಲೇ ಸಿದ್ಧವಾಗಿರಬೇಕು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಸಾಮಾನ್ಯವಾಗಿಯೇ ಇರುತ್ತವೆ. ಅನ್ನ ಬೇಯುವಾಗಿನ ಬಿಸಿಗೆ ಅವು ಸಾಯುವುದಿಲ್ಲ. ಮಧ್ಯಾಹ್ನವೇ ಬೇಯಿಸಿದ ಅನ್ನವನ್ನು ದೊಡ್ಡ ಪಾತ್ರೆಯಲ್ಲಿ ಹಾಗೆಯೇ ಬಿಟ್ಟರೆ, ಉಗುರುಬೆಚ್ಚಗಿನ ಆ ರಾಶಿಯಲ್ಲಿ ಬೀಜಾಣುಗಳು ಮೊಳೆತು, ಹೆಚ್ಚಿ, ವಾಂತಿ ತರಿಸುವ ವಿಷವನ್ನು ಸೇರಿಸುತ್ತವೆ. ಸಂಜೆ ಬಾಣಲೆಯಲ್ಲಿ ಎಷ್ಟು ಜೋರಾಗಿ ಹುರಿದರೂ ಬ್ಯಾಕ್ಟೀರಿಯಾ ಸಾಯಬಹುದು, ವಿಷ ಉಳಿಯುತ್ತದೆ. ‘ಕಣ್ಣೆದುರೇ ಬಿಸಿಬಿಸಿ ಮಾಡಿಕೊಟ್ಟ’ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ಅಡುಗೆಯವನ ಬೆರಳಿನ ಕೀವುಗಾಯದಿಂದ ಖೋವಾ, ಕೇಕಿನ ಕ್ರೀಮಿನಂಥ ತಿನಿಸಿಗೆ ಸೇರುವ ಸ್ಟೆಫೈಲೊಕಾಕಸ್ ಕೂಡ ಇದೇ ಬಗೆಯದು. ಇಂಥವು ಅರ್ಧ ಗಂಟೆಯಿಂದ ಆರೇಳು ಗಂಟೆಯೊಳಗೆ ಕಾಣಿಸಿಕೊಂಡು, ವಾಂತಿಯನ್ನೇ ಮುಂದಿಟ್ಟುಕೊಂಡು ಬಂದು, ಸಾಮಾನ್ಯವಾಗಿ ಒಂದು ದಿನದಲ್ಲಿ ಹೋಗುತ್ತವೆ. ಜ್ವರ ಇರುವುದಿಲ್ಲ, ಇದ್ದರೂ ಅಲ್ಪ. ಕರುಳಿಗಿಳಿದು ಅಲ್ಲಿ ಬೆಳೆಯಬೇಕಾದ ಬ್ಯಾಕ್ಟೀರಿಯಾಗಳು ಇನ್ನಷ್ಟು ಸಮಯ ತೆಗೆದುಕೊಳ್ಳುತ್ತವೆ: ಅರ್ಧ ದಿನದಿಂದ ಮೂರು ದಿನ. ಅವುಗಳಲ್ಲಿ ಭೇದಿ, ಹೊಟ್ಟೆನುಲಿತ ಹೆಚ್ಚು, ಜ್ವರವೂ ಬರಬಹುದು.

ಟೈಫಾಯ್ಡಿನ ದಾರಿಯೇ ಬೇರೆ. ಸಾಲ್ಮೊನೆಲ್ಲಾ ಟೈಫಿ ಎಂಬ ಆ ಬ್ಯಾಕ್ಟೀರಿಯಾ ಕರುಳಿನಲ್ಲಿ ಗಲಾಟೆ ಮಾಡದೆ ಅದರ ಗೋಡೆಯನ್ನು ದಾಟಿ, ನಮ್ಮನ್ನು ಕಾಯಬೇಕಾದ ರಕ್ಷಣಾ ಕೋಶಗಳ ಒಳಗೇ ಮನೆ ಮಾಡಿಕೊಂಡು, ಯಕೃತ್ತು, ಗುಲ್ಮ, ಎಲುಬಿನ ಮಜ್ಜೆಗಳಲ್ಲಿ ಸದ್ದಿಲ್ಲದೆ ಬೆಳೆಯುತ್ತದೆ. ರಕ್ತಕ್ಕೆ ಮತ್ತೆ ಹೊರಬೀಳಲು ಸಾಮಾನ್ಯವಾಗಿ ಒಂದರಿಂದ ಎರಡು ವಾರ ಬೇಕು. ಹಾಗಾಗಿ ಅದು ಮೊದಲು ಜ್ವರವಾಗಿಯೇ ಕಾಣಿಸುತ್ತದೆ. ದಿನದಿಂದ ದಿನಕ್ಕೆ ಏರುವ ಜ್ವರ, ತಲೆನೋವು, ಬಿಳಿ ಅಂಟಿದ ನಾಲಿಗೆ, ಊಟ ಸೇರದಿರುವುದು. ದೊಡ್ಡವರಲ್ಲಿ ಎಷ್ಟೋ ವೇಳೆ ಭೇದಿಯ ಬದಲು ಮಲಬದ್ಧತೆ ಇರುತ್ತದೆ. ಮಕ್ಕಳಲ್ಲಿ ಮಾತ್ರ ಜ್ವರದ ಜೊತೆಗೇ ವಾಂತಿಭೇದಿ ಬಂದು ಗೊಂದಲ ಮಾಡಬಹುದು. ಆದರೂ ಜ್ವರ ಬಿಡದೆ ಕಾಡುತ್ತದೆ ಎಂಬ ಗುರುತು ಅಲ್ಲಿಯೂ ಉಂಟು.

ಹಾಗಾದರೆ ವಿಡಾಲ್? 1896ರಲ್ಲಿ ಪ್ಯಾರಿಸಿನ ವೈದ್ಯ ಜಾರ್ಜ್ ವಿಡಾಲ್ ರೂಪಿಸಿದ ಈ ಪರೀಕ್ಷೆ ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಅವು ಮೂಡಲು ಸುಮಾರು ಒಂದು ವಾರ ಬೇಕು. ನಿನ್ನೆ ರಾತ್ರಿಯ ಕಾಯಿಲೆಗೆ ಇಂದು ಬೆಳಿಗ್ಗೆ ಪ್ರತಿಕಾಯ ಕಂಡರೆ, ಅದು ಹಿಂದೆಂದೋ ತಗಲಿದ ಸೋಂಕಿನದೋ, ಅದರ ಬಳಗದ ಇನ್ನೊಂದು ಬ್ಯಾಕ್ಟೀರಿಯಾದ್ದೋ ಇರಬೇಕು. ಟೈಫಾಯ್ಡ್ ಓಡಾಡುವ ನಮ್ಮಂಥ ನಾಡಿನಲ್ಲಿ 1:80 ಎಂಬ ಅಂಕಿ ಆರೋಗ್ಯವಂತರಲ್ಲೂ ಸಿಗುತ್ತದೆ. ನಿಜವಾದ ಅನುಮಾನವಿದ್ದರೆ ಮಾಡಿಸಬೇಕಾದದ್ದು ಬ್ಲಡ್ ಕಲ್ಚರ್, ಅದೂ ಆ್ಯಂಟಿಬಯೋಟಿಕ್ ನುಂಗುವ ಮೊದಲು. ಎರಡು ಮಾತ್ರೆ ಹೊಟ್ಟೆ ಸೇರಿದ ಮೇಲೆ ಆ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು.

ಹುಡುಗನಿಗೆ ಆ ಹೊತ್ತಿಗೆ ಬೇಕಿದ್ದದ್ದು ನೀರು ಮತ್ತು ಉಪ್ಪು. ನಾಲಿಗೆ ಒಣಗಿತ್ತು, ಎದ್ದರೆ ತಲೆ ಸುತ್ತುತ್ತಿತ್ತು, ರಾತ್ರಿ ಎರಡರ ನಂತರ ಮೂತ್ರ ಆಗಿರಲಿಲ್ಲ. ಒಂದು ಲೋಟ ಓಆರ್‌ಎಸ್ ಕುಡಿದಿದ್ದ, ಐದೇ ನಿಮಿಷದಲ್ಲಿ ಹೊರಗೆ ಬಂದಿತ್ತು. ‘ಅದು ನಿಲ್ಲುವುದೇ ಇಲ್ಲ ಮಾಮ’ ಎಂದ. ಹೆಚ್ಚಿನವರು ಸೋಲುವುದು ಇಲ್ಲೇ. ಬಾಯಾರಿದವನು ಗಟಗಟನೆ ಕುಡಿಯುತ್ತಾನೆ, ಕೆರಳಿದ ಜಠರ ಹಿಗ್ಗಿದ ಕೂಡಲೇ ಹೊರಗೆ ತಳ್ಳುತ್ತದೆ. ವಾಂತಿಯಾದ ಮೇಲೆ ಹತ್ತು ನಿಮಿಷ ಸುಮ್ಮನಿದ್ದು, ನಿಮಿಷಕ್ಕೊಂದು ಚಹಾ ಚಮಚೆಯಂತೆ ಕುಡಿಯಲು ಹೇಳಿದೆ. ಚಮಚೆಗೆ 5 ಮಿಲಿಲೀಟರ್ ಎಂದರೂ ಗಂಟೆಗೆ 300 ಮಿಲಿಲೀಟರ್, ದೊಡ್ಡದೊಂದು ಲೋಟ. ಆ ಲೋಟವನ್ನೇ ಒಮ್ಮೆಗೆ ಕುಡಿದಾಗ ಉಳಿದದ್ದು ಏನೂ ಇಲ್ಲ.

ಬರೀ ನೀರು ಯಾಕಾಗದು? ಸಣ್ಣ ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ. ಗ್ಲೂಕೋಸಿನ ಒಂದು ಅಣು, ಸೋಡಿಯಂನ ಎರಡು ಅಯಾನುಗಳು ಜೋಡಿಯಾಗಿ ಬಂದರೆ ಮಾತ್ರ ಅದು ತೆರೆಯುತ್ತದೆ. ಅವುಗಳ ಹಿಂದೆಯೇ ನೀರು ಒಳಗೆ ಬರುತ್ತದೆ. ಭೇದಿ ಎಷ್ಟೇ ಜೋರಾಗಿದ್ದರೂ ಈ ಬಾಗಿಲು ಹೆಚ್ಚಾಗಿ ಕೆಡುವುದಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿದ ನೀರನ್ನು ಕುಡಿಸಲು ಹೇಳಿದರು. ಕುಡಿಸಿದವರು ಬಹುಪಾಲು ರೋಗಿಗಳ ಮನೆಯವರೇ. ಸಾವಿನ ಪ್ರಮಾಣ ಶೇ. 30ರ ಆಸುಪಾಸಿನಿಂದ ಶೇ. 3.6ಕ್ಕೆ ಇಳಿಯಿತು.

ಜೋಡಿಯ ಲೆಕ್ಕ ತಪ್ಪಿದರೆ ಬಾಗಿಲು ಉಪಯೋಗಕ್ಕೆ ಬಾರದು. ಈಗಿನ ಓಆರ್‌ಎಸ್ ಪೊಟ್ಟಣ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಹೊಂದಿರುತ್ತದೆ. ಅರ್ಧ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿಯುವವರಿದ್ದಾರೆ. ಹಾಗೆ ಗಟ್ಟಿಯಾದದ್ದು ಮಕ್ಕಳಿಗೆ ಅಪಾಯ. ಚಿಕ್ಕ ಪೊಟ್ಟಣಗಳು 200 ಮಿಲಿಲೀಟರಿನವೂ ಇವೆ, ಓದಿಯೇ ಕಲಸಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಚಹಾ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ತಂಪು ಪಾನೀಯ, ಡಬ್ಬಿಯ ಹಣ್ಣಿನ ರಸಗಳಲ್ಲಿ ಸಕ್ಕರೆ ಅತಿಯಾಗಿದ್ದು, ಅದು ಕರುಳಿಗೇ ನೀರನ್ನು ಸೆಳೆದು ಭೇದಿ ಹೆಚ್ಚಿಸುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಅದಕ್ಕಿಂತ ನಮ್ಮ ಉಪ್ಪು ಹಾಕಿದ ಗಂಜಿಯೇ ಮೇಲು.

ಒಂಬತ್ತಕ್ಕೆ ಶುರುಮಾಡಿದ ಚಮಚೆ ಹತ್ತಕ್ಕೆ ಗುಟುಕಾಯಿತು. ಮಧ್ಯೆ ಒಮ್ಮೆ ವಾಂತಿಯಾಯಿತು, ಹತ್ತು ನಿಮಿಷ ಬಿಟ್ಟು ಮತ್ತೆ ಚಮಚೆಗೆ ಇಳಿದ. ಪ್ರತಿ ಭೇದಿಯ ನಂತರ ಒಂದು ಲೋಟ ಹೆಚ್ಚಿಗೆ. ಮಧ್ಯಾಹ್ನ ಎರಡರ ಹೊತ್ತಿಗೆ ಎರಡು ಲೀಟರ್ ಒಳಗಿತ್ತು, ತಿಳಿ ಹಳದಿಯ ಮೂತ್ರವೂ ಆಯಿತು. ಆಗ ನನಗೆ ಧೈರ್ಯ ಬಂತು. ಆಗದೇ ಹೋಗಿದ್ದರೆ, ಚಮಚೆಯಷ್ಟೂ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡಿದ್ದರೆ, ಅಕ್ಕಿ ತೊಳೆದ ನೀರಿನಂಥ ಭೇದಿ ಸುರಿದಿದ್ದರೆ, ಮಂಪರು ಕವಿದಿದ್ದರೆ ತಂಗಿ ಹೇಳಿದಂತೆ ಗ್ಲೂಕೋಸ್ ಹಾಕಿಸಲು ಆಸ್ಪತ್ರೆಗೇ ಕಳುಹಿಸುತ್ತಿದ್ದೆ. ಹಸುಗೂಸು, ಬಸುರಿ, ವಯಸ್ಸಾದವರ ವಿಷಯದಲ್ಲಿ ಇಷ್ಟು ಹೊತ್ತು ಕಾಯುತ್ತಲೂ ಇರಲಿಲ್ಲ.

ರಾತ್ರಿ ಮೊಸರನ್ನ ತಿಂದ. ತಂಗಿಗೆ ಮಾತ್ರ ಇನ್ನೂ ಅನುಮಾನ: ಆ ಗಾಡಿಯ ನೀರಿನಲ್ಲಿ ಟೈಫಾಯ್ಡೂ ಇದ್ದಿದ್ದರೆ? ಇದ್ದಿರಬಹುದು, ಒಪ್ಪಿಕೊಂಡೆ. ಇದ್ದರೆ ಅದರ ಸರದಿ ಮುಂದಿನ ವಾರವೋ ಅದರಾಚೆಯದೋ. ತಿಂಗಳೊಳಗೆ ಜ್ವರ ಬಂದು ಮೂರನೆಯ ದಿನಕ್ಕೂ ಬಿಡದಿದ್ದರೆ ವೈದ್ಯರಿಗೆ ಈ ಶನಿವಾರದ ದಿನಾಂಕ ಹೇಳಿ ಬ್ಲಡ್ ಕಲ್ಚರ್ ಮಾಡಿಸು ಎಂದೆ. ಅವಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಳು.